ಷೇರುದಾರರ ಒಪ್ಪಂದ: ವರ್ಗಾವಣೆ ನಿರ್ಬಂಧ, ಮಂಡಳಿ ಹಕ್ಕು, ನಿರ್ಗಮನ ಷರತ್ತುಗಳ ಸಂಗ್ರಹ – ಮುಖ್ಯಾಂಶಗಳು

ಮೂಲ ಪರಿಚಯ

- ಷೇರುದಾರರ ಒಪ್ಪಂದ: ಪ್ರವರ್ತಕರು, ಹೂಡಿಕೆದಾರರು ಹಾಗೂ ಸಾಮಾನ್ಯವಾಗಿ ಕಂಪನಿಯ ನಡುವಿನ ಲಿಖಿತ ಕರಾರು.
- ಅಂತರ್ನಿಯಮಾವಳಿ, ಅಂದರೆ ಆರ್ಟಿಕಲ್ಸ್: ಕಂಪನಿಯ ಆಂತರಿಕ ಆಡಳಿತದ ದಾಖಲೆ, ಕಂಪನಿ ಕಾಯ್ದೆ 2013ರ ಕಲಂ 10ರ ಅನ್ವಯ ಕಂಪನಿಗೂ ಎಲ್ಲ ಸದಸ್ಯರಿಗೂ ಬಂಧಕ.
- ವ್ಯತ್ಯಾಸ: ಒಪ್ಪಂದ ಸಹಿ ಮಾಡಿದವರಿಗೆ ಮಾತ್ರ ಬಂಧಕ, ಅಂತರ್ನಿಯಮಾವಳಿ ಸಹಿ ಮಾಡದ ಸದಸ್ಯರಿಗೂ ಬಂಧಕ.
- ಕಲಂ 6: ಕಾಯ್ದೆಗೆ ವಿರುದ್ಧವಾದ ಅಂತರ್ನಿಯಮ ಅಥವಾ ಕರಾರು ವಿರೋಧದ ಮಟ್ಟಿಗೆ ಅಸಿಂಧು.
- ಸಂಗ್ರಹದ ಮೂರು ಗುಂಪುಗಳು: ವರ್ಗಾವಣೆ ನಿರ್ಬಂಧ, ಮಂಡಳಿ ಹಕ್ಕು, ನಿರ್ಗಮನ.
- ಪ್ರಧಾನ ತತ್ವ: ಒಂದು ಹಕ್ಕು ಒಂದೇ ಷರತ್ತಿನಲ್ಲಿ ಪೂರ್ಣವಾಗಿ ಇರುವುದು ವಿರಳ. ಹಕ್ಕಿನ ಹೆಸರು ಷರತ್ತಿನಲ್ಲಿ, ವ್ಯಾಪ್ತಿ ವ್ಯಾಖ್ಯೆಯಲ್ಲಿ, ವಿನಾಯಿತಿ ಅನುಸೂಚಿಯಲ್ಲಿ, ಅಂತ್ಯ ಸಮಾಪ್ತಿ ಷರತ್ತಿನಲ್ಲಿ, ಜಾರಿಯ ಬಲ ಅಂತರ್ನಿಯಮಾವಳಿಯಲ್ಲಿ.

ಓದುವ ಕ್ರಮ

- ಹಂತ 1 – ಪಕ್ಷಗಾರರ ಪಟ್ಟಿ, ಸಹಿ ಪುಟ, ನಂತರದ ತಿದ್ದುಪಡಿ ಕರಾರುಗಳು. ಹಳೆಯ ಸುತ್ತಿನ ಒಪ್ಪಂದ ರದ್ದಾಗಿದೆಯೋ, ಹೊಸದರ ಜೊತೆಗೆ ಮುಂದುವರಿದಿದೆಯೋ ಎಂಬುದರ ಖಚಿತತೆ ಇಲ್ಲಿಯೇ.
- ಹಂತ 2 – ವ್ಯಾಖ್ಯೆಗಳು. ವಿಶೇಷ ಗಮನ: 'ವರ್ಗಾವಣೆ', 'ಅಂಗಸಂಬಂಧಿ ಸಂಸ್ಥೆ', 'ಪ್ರತಿಸ್ಪರ್ಧಿ', 'ಪೂರ್ಣ ಪರಿವರ್ತಿತ ಆಧಾರ', 'ನ್ಯಾಯಯುತ ಮೌಲ್ಯ'.
- ಹಂತ 3 – ಮೂರು ಗುಂಪುಗಳ ಮುಖ್ಯ ಷರತ್ತುಗಳು.
- ಹಂತ 4 – ಅನುಸೂಚಿಗಳು. ಕಾಯ್ದಿಟ್ಟ ವಿಷಯಗಳ ಪಟ್ಟಿ, ಪ್ರತಿಸ್ಪರ್ಧಿಗಳ ಪಟ್ಟಿ, ಬದ್ಧತಾ ಪತ್ರದ ನಮೂನೆ.
- ಹಂತ 5 – ಸಮಾಪ್ತಿ, ತಿದ್ದುಪಡಿ, ಸಂಘರ್ಷ ಷರತ್ತುಗಳು. ದಾಖಲೆಯ ಕೊನೆಯಲ್ಲಿದ್ದರೂ ಮೇಲಿನ ಎಲ್ಲ ಹಕ್ಕುಗಳ ಆಯುಷ್ಯ ನಿರ್ಧಾರ ಇವುಗಳಿಂದ.
- ಹಂತ 6 – ಅಂತರ್ನಿಯಮಾವಳಿಯೊಂದಿಗೆ ಸಾಲು ಸಾಲಾಗಿ ತಾಳೆ.

ಸಂಗ್ರಹ ಕೋಷ್ಟಕದ ಎಂಟು ಅಂಕಣಗಳು

- ಹಕ್ಕುದಾರ, ಬಾಧ್ಯಸ್ಥ, ಪ್ರಚೋದಕ ಘಟನೆ, ಕಾಲಮಿತಿ, ಬೆಲೆ ಸೂತ್ರ, ವಿನಾಯಿತಿ, ಹಕ್ಕು ಕಳಚುವ ಮಿತಿ, ಅಂತರ್ನಿಯಮದ ಸಂಖ್ಯೆ.
- ಪ್ರತಿ ಅಂಕಣದಲ್ಲೂ ಒಪ್ಪಂದದ ಷರತ್ತು ಸಂಖ್ಯೆಯ ನಮೂದು ಕಡ್ಡಾಯ.
- ಒಪ್ಪಂದ ಮೌನವಾಗಿದ್ದಲ್ಲಿ 'ಉಲ್ಲೇಖವಿಲ್ಲ' ಎಂಬ ಬರಹ. ಖಾಲಿ ಅಂಕಣ ನಿಷಿದ್ಧ. ಖಾಲಿ ಜಾಗದಿಂದ ಹುಡುಕಿ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ ಎಂಬುದು ತಿಳಿಯದು.

ವರ್ಗಾವಣೆ ನಿರ್ಬಂಧ: ಶಾಸನ

- ಕಲಂ 2(68): ಖಾಸಗಿ ಕಂಪನಿ – ಅಂತರ್ನಿಯಮಾವಳಿಯ ಮೂಲಕ ಷೇರು ವರ್ಗಾವಣೆಗೆ ನಿರ್ಬಂಧ, ಗರಿಷ್ಠ ಸದಸ್ಯರು 200.
- ಕಲಂ 44: ಷೇರು ಚರ ಆಸ್ತಿ; ಅಂತರ್ನಿಯಮಾವಳಿ ಹೇಳುವ ರೀತಿಯಲ್ಲಿ ವರ್ಗಾವಣೆ.
- ಕಲಂ 56: ಭೌತಿಕ ಷೇರಿಗೆ ವರ್ಗಾವಣೆ ಪತ್ರ, ನಮೂನೆ ಎಸ್‌ಎಚ್-4, ಸಹಿಯಾದ 60 ದಿನಗಳೊಳಗೆ ಕಂಪನಿಗೆ ಸಲ್ಲಿಕೆ.
- ಕಲಂ 58(1): ಖಾಸಗಿ ಕಂಪನಿಯಿಂದ ನಿರಾಕರಣೆಯ ನೋಟಿಸ್ – 30 ದಿನಗಳೊಳಗೆ, ಕಾರಣ ಸಹಿತ.
- ಕಲಂ 58(2): ಸಾರ್ವಜನಿಕ ಕಂಪನಿಯ ಷೇರು ಮುಕ್ತವಾಗಿ ವರ್ಗಾವಣೀಯ, ಆದರೆ ಇಬ್ಬರು ಅಥವಾ ಹೆಚ್ಚಿನವರ ನಡುವಿನ ವರ್ಗಾವಣೆ ಕರಾರು ಕರಾರಾಗಿ ಜಾರಿಯೋಗ್ಯ.
- ಕಲಂ 58(3): ಮೇಲ್ಮನವಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ನೋಟಿಸ್ ಬಂದ 30 ದಿನ, ನೋಟಿಸ್ ಬಾರದಿದ್ದರೆ ಪತ್ರ ಸಲ್ಲಿಸಿದ 60 ದಿನ.

ವರ್ಗಾವಣೆ ನಿರ್ಬಂಧ: ಒಪ್ಪಂದದಲ್ಲಿನ ಬಗೆಗಳು

- ಲಾಕ್-ಇನ್: ನಿರ್ದಿಷ್ಟ ಅವಧಿಗೆ ಮಾರಾಟ ನಿಷೇಧ, ಸಾಮಾನ್ಯವಾಗಿ ಪ್ರವರ್ತಕರ ಮೇಲೆ. ಪರಿಶೀಲನೆ: ಅವಧಿಯ ಆರಂಭ ದಿನ ಸಹಿಯ ದಿನವೋ, ಹಣ ಬಂದ ದಿನವೋ.
- ಮೊದಲ ನಿರಾಕರಣೆ ಹಕ್ಕು: ಹೊರಗಿನ ಖರೀದಿದಾರನ ಬೆಲೆ ಮೊದಲು, ಹಕ್ಕುದಾರನ ಆಯ್ಕೆ ನಂತರ.
- ಮೊದಲ ಪ್ರಸ್ತಾವ ಹಕ್ಕು: ಹಕ್ಕುದಾರನ ಬೆಲೆ ಮೊದಲು, ಹೊರಗಿನ ಖರೀದಿದಾರನ ಹುಡುಕಾಟ ನಂತರ. ಕೆಲವು ಒಪ್ಪಂದಗಳಲ್ಲಿ ತಲೆಬರಹ ಒಂದು, ಒಳಗಿನ ಕ್ರಮ ಇನ್ನೊಂದು. ನಿರ್ಣಾಯಕ ಅಂಶ ನೋಟಿಸಿನ ಕ್ರಮ.
- ಟ್ಯಾಗ್-ಅಲಾಂಗ್: ಪ್ರವರ್ತಕ ಮಾರಿದಾಗ ಅದೇ ಬೆಲೆಗೆ ಜೊತೆಗೂಡಿ ಮಾರುವ ಹೂಡಿಕೆದಾರನ ಹಕ್ಕು.
- ಡ್ರ್ಯಾಗ್-ಅಲಾಂಗ್: ಉಳಿದವರನ್ನೂ ಮಾರಾಟಕ್ಕೆ ಬದ್ಧಗೊಳಿಸುವ ಹಕ್ಕು, ಹೆಸರು ವರ್ಗಾವಣೆ ಅಧ್ಯಾಯದಲ್ಲಿದ್ದರೂ ಸ್ವಭಾವ ನಿರ್ಗಮನದ್ದು.
- ಅನುಮತಿತ ವರ್ಗಾವಣೆ: ಅಂಗಸಂಬಂಧಿ ಸಂಸ್ಥೆಗೆ ಅಥವಾ ಕುಟುಂಬ ಟ್ರಸ್ಟಿಗೆ. ಅಂಗಸಂಬಂಧ ಮುಂದೆ ಕಡಿದುಹೋದರೆ ಷೇರು ಮರಳಬೇಕೆಂಬ ಷರತ್ತು ಇಲ್ಲದಿದ್ದಲ್ಲಿ ನಿರ್ಬಂಧ ತಪ್ಪಿಸುವ ದಾರಿ ಮುಕ್ತ.
- ಬದ್ಧತಾ ಪತ್ರ: ಹೊಸ ಷೇರುದಾರ ಒಪ್ಪಂದಕ್ಕೆ ಒಳಪಡುವ ಸಹಿ, ಇಲ್ಲದ ವರ್ಗಾವಣೆ ಒಪ್ಪಂದದ ಉಲ್ಲಂಘನೆ.
- 'ವರ್ಗಾವಣೆ'ಯ ವ್ಯಾಖ್ಯೆಯಲ್ಲಿ ಗಮನಾರ್ಹ: ಅಡಮಾನ ಸೇರಿದೆಯೇ, ಷೇರು ಹೊಂದಿರುವ ಸಂಸ್ಥೆಯ ಒಡೆತನವೇ ಕೈಬದಲಾದರೆ ಅದೂ ವರ್ಗಾವಣೆಯೇ. ಎರಡನೆಯದು ಇಲ್ಲದಿದ್ದರೆ ಮೇಲಿನ ಹಂತದ ಸಂಸ್ಥೆಯನ್ನೇ ಮಾರಿ ಕೆಳಗಿನ ನಿರ್ಬಂಧ ದಾಟುವುದು ಸಾಧ್ಯ.

ಮಾದರಿ ಲೆಕ್ಕ 1: ಟ್ಯಾಗ್-ಅಲಾಂಗ್

- ಊಹಿತ ಖಾಸಗಿ ಕಂಪನಿ. ಪೂರ್ಣ ಪರಿವರ್ತಿತ ಆಧಾರದಲ್ಲಿ 10,00,000 ಷೇರು.
- ಪ್ರವರ್ತಕರು 5,50,000. ಹೂಡಿಕೆದಾರ 'ಅ' 2,50,000. ಹೂಡಿಕೆದಾರ 'ಬ' 1,20,000. ನೌಕರರ ಆಯ್ಕೆ ಯೋಜನೆಗೆ ಕಾಯ್ದಿಟ್ಟದ್ದು 80,000.
- ಪ್ರವರ್ತಕರ ಮಾರಾಟ: 1,00,000 ಷೇರು, ಬೆಲೆ ತಲಾ ₹1,000. ಜೊತೆಗೂಡುವವ 'ಅ' ಒಬ್ಬನೇ.
- ಛೇದ 'ಕಂಪನಿಯ ಒಟ್ಟು ಷೇರು' ಎಂದಿದ್ದರೆ 'ಅ' ಪಾಲು: 1,00,000 × 2,50,000 ÷ 10,00,000 = 25,000 ಷೇರು.
- ಛೇದ 'ಮಾರುವವರು ಮತ್ತು ಜೊತೆಗೂಡುವವರ ಷೇರು' ಎಂದಿದ್ದರೆ: 1,00,000 × 2,50,000 ÷ 8,00,000 = 31,250 ಷೇರು.
- ವ್ಯತ್ಯಾಸ: 6,250 ಷೇರು, ಮೊತ್ತ ₹62.5 ಲಕ್ಷ. ಕೋಷ್ಟಕದಲ್ಲಿ 'ಅನುಪಾತದ ಟ್ಯಾಗ್' ಎಂಬ ನಮೂದು ಅಪೂರ್ಣ. ಛೇದದ ಪದಗಳ ಯಥಾವತ್ ನಕಲು ಅಗತ್ಯ.
- ಪ್ರತ್ಯೇಕ ನಮೂದು: ಕಂಪನಿಯ ನಿಯಂತ್ರಣ ಕೈಬದಲಾಗುವ ಮಾರಾಟದಲ್ಲಿ ಪೂರ್ಣ ಟ್ಯಾಗ್ ಇದೆಯೇ. ಇದ್ದಲ್ಲಿ 'ಅ' ಎಲ್ಲ 2,50,000 ಷೇರು ಮಾರಲು ಅರ್ಹ.

ಮಂಡಳಿ ಹಕ್ಕು: ಶಾಸನ

- ಕಲಂ 149: ಕನಿಷ್ಠ ನಿರ್ದೇಶಕರು – ಸಾರ್ವಜನಿಕ ಕಂಪನಿ 3, ಖಾಸಗಿ ಕಂಪನಿ 2, ಗರಿಷ್ಠ 15, ಅದಕ್ಕೂ ಮೇಲೆ ವಿಶೇಷ ನಿರ್ಣಯ.
- ಕಲಂ 161(2): ಪರ್ಯಾಯ ನಿರ್ದೇಶಕ – ಮೂಲ ನಿರ್ದೇಶಕ ಭಾರತದಿಂದ 3 ತಿಂಗಳಿಗೆ ಕಡಿಮೆಯಿಲ್ಲದ ಅವಧಿಗೆ ಹೊರಗಿದ್ದಾಗ.
- ಕಲಂ 161(3): ಕರಾರಿನ ಅನ್ವಯ ನಾಮನಿರ್ದೇಶಿತ ನಿರ್ದೇಶಕನ ನೇಮಕ, 'ಅಂತರ್ನಿಯಮಾವಳಿಗೆ ಒಳಪಟ್ಟು'.
- ಕಲಂ 166: ನಿರ್ದೇಶಕನ ಕರ್ತವ್ಯ, ನಾಮನಿರ್ದೇಶಿತನಿಗೆ ವಿನಾಯಿತಿ ಇಲ್ಲ.
- ಕಲಂ 169: ಸಾಮಾನ್ಯ ನಿರ್ಣಯದಿಂದ ನಿರ್ದೇಶಕನ ಪದಚ್ಯುತಿ. ಆದ್ದರಿಂದ 'ನಾಮನಿರ್ದೇಶಕನ ಒಪ್ಪಿಗೆ ಇಲ್ಲದೆ ಪದಚ್ಯುತಿ ಪರ ಮತ ಹಾಕುವುದಿಲ್ಲ' ಎಂಬ ಷೇರುದಾರರ ಪರಸ್ಪರ ಬದ್ಧತೆ ಪ್ರತ್ಯೇಕವಾಗಿ ಸಂಗ್ರಹಾರ್ಹ.
- ಕಲಂ 173: ಮಂಡಳಿ ಸಭೆಗೆ ಕನಿಷ್ಠ 7 ದಿನಗಳ ನೋಟಿಸ್.
- ಕಲಂ 174: ಕೋರಂ – ಒಟ್ಟು ನಿರ್ದೇಶಕರ 1/3 ಅಥವಾ 2, ಯಾವುದು ಹೆಚ್ಚೋ ಅದು.

ಮಂಡಳಿ ಹಕ್ಕು: ಸಂಗ್ರಹದ ಅಂಶಗಳು

- ನಾಮನಿರ್ದೇಶನ: ಸ್ಥಾನಗಳ ಸಂಖ್ಯೆ, ಷೇರುಪಾಲಿನ ಮಿತಿ, ಮಂಡಳಿ ಸಮಿತಿಗಳಲ್ಲಿ ಸ್ಥಾನ, ಅಂಗಸಂಸ್ಥೆಗಳ ಮಂಡಳಿಯಲ್ಲಿ ಸ್ಥಾನ.
- ವೀಕ್ಷಕ: ಸಭೆಗೆ ಹಾಜರಿ, ಮತವಿಲ್ಲ. ನಿರ್ದೇಶಕ ಸ್ಥಾನದ ಬದಲಿಗೋ, ಜೊತೆಗೋ ಎಂಬುದರ ನಮೂದು.
- ಕೋರಂ ಹಕ್ಕು: ಹೂಡಿಕೆದಾರನ ನಿರ್ದೇಶಕ ಇಲ್ಲದೆ ಸಭೆ ಅಪೂರ್ಣ. ಹೆಚ್ಚಿನ ಒಪ್ಪಂದಗಳಲ್ಲಿ ಮುಂದೂಡಿದ ಸಭೆಗೆ ಈ ಷರತ್ತು ಸಡಿಲ. ಸಡಿಲಿಕೆ ಕಾಯ್ದಿಟ್ಟ ವಿಷಯಗಳಿಗೂ ಅನ್ವಯವೇ ಎಂಬುದು ನಿರ್ಣಾಯಕ. ಅನ್ವಯವಾದಲ್ಲಿ ಗೈರುಹಾಜರಿಯಿಂದಲೇ ತಡೆಹಕ್ಕು ನಷ್ಟ.
- ಕಾಯ್ದಿಟ್ಟ ವಿಷಯಗಳು: ಹೂಡಿಕೆದಾರನ ದೃಢೀಕರಣ ಮತ ಬೇಕಾದ ವಿಷಯಗಳ ಪಟ್ಟಿ. ಸಾಮಾನ್ಯ ನಮೂದುಗಳು: ಹೊಸ ಷೇರು ವಿತರಣೆ, ಸಾಲದ ಮಿತಿ, ವಾರ್ಷಿಕ ಬಜೆಟ್, ಅಂತರ್ನಿಯಮ ತಿದ್ದುಪಡಿ, ಸಂಬಂಧಿತ ಪಕ್ಷಗಾರರ ವ್ಯವಹಾರ.
- ಎರಡು ಹಂತದ ಪರಿಶೀಲನೆ: ತಡೆಹಕ್ಕು ಮಂಡಳಿ ಸಭೆಯಲ್ಲಿ ಮಾತ್ರವೇ, ಷೇರುದಾರರ ಸಭೆಯಲ್ಲೂ ಇದೆಯೇ. ಮಂಡಳಿಗೆ ಸೀಮಿತವಾದಲ್ಲಿ ಷೇರುದಾರರ ನಿರ್ಣಯದ ವಿಷಯಗಳು ಅದರ ವ್ಯಾಪ್ತಿಯಿಂದ ಹೊರಗೆ.
- ಉತ್ತರವಿಲ್ಲದ ಕೋರಿಕೆ: ನಿಗದಿತ ದಿನಗಳೊಳಗೆ ಉತ್ತರಿಸದಿದ್ದರೆ ಒಪ್ಪಿಗೆಯೋ, ನಿರಾಕರಣೆಯೋ. ಕಾಲಮಿತಿ ಅಂಕಣದ ಕಡ್ಡಾಯ ನಮೂದು.

ಮಾದರಿ ಲೆಕ್ಕ 2: ಹಕ್ಕು ಕಳಚುವ ಮಿತಿ

- ಅದೇ ಊಹಿತ ಕಂಪನಿ. ನಿರ್ದೇಶಕ ಸ್ಥಾನಕ್ಕೆ ಕನಿಷ್ಠ ಷೇರುಪಾಲು 10%. 'ಬ' ಹೊಂದಿರುವುದು 1,20,000 ಷೇರು, ಅಂದರೆ 12%.
- ಹೊಸ ವಿತರಣೆ: 2,50,000 ಷೇರು. 'ಬ' ಭಾಗವಹಿಸಿಲ್ಲ, ಒಂದು ಷೇರನ್ನೂ ಮಾರಿಲ್ಲ.
- ಪೂರ್ಣ ಪರಿವರ್ತಿತ ಆಧಾರ: 1,20,000 ÷ 12,50,000 = 9.6%. ನಿರ್ದೇಶಕ ಸ್ಥಾನ ನಷ್ಟ.
- ವಿತರಿತ ಷೇರು ಮಾತ್ರ, ನೌಕರರಿಗೆ ಕಾಯ್ದಿಟ್ಟ 80,000 ಹೊರತು: 1,20,000 ÷ 11,70,000 = ಸುಮಾರು 10.26%. ಸ್ಥಾನ ಸುರಕ್ಷಿತ.
- ಮಿತಿ 'ಆರಂಭಿಕ ಷೇರುಗಳ ಅರ್ಧ' ಎಂದಿದ್ದಲ್ಲಿ ಹೊಸ ವಿತರಣೆಯಿಂದ ಪರಿಣಾಮವಿಲ್ಲ; ಸ್ವಂತ ಮಾರಾಟದಿಂದ ಮಾತ್ರ ನಷ್ಟ.
- ಸಂಗ್ರಹದ ನಿಯಮ: ಶೇಕಡಾವಾರು ಸಂಖ್ಯೆಯ ಪಕ್ಕದಲ್ಲಿ 'ಯಾವುದರ ಶೇಕಡಾ' ಎಂಬ ನಮೂದು. ಅಂಗಸಂಬಂಧಿ ಸಂಸ್ಥೆಗಳ ಷೇರು ಒಟ್ಟುಗೂಡುವುದೇ ಎಂಬ ನಮೂದೂ ಅಗತ್ಯ.

ಅಂತರ್ನಿಯಮಾವಳಿಯ ತಾಳೆ: ಪ್ರಮುಖ ತೀರ್ಪುಗಳು

- ವಿ.ಬಿ. ರಂಗರಾಜ್ ವಿರುದ್ಧ ವಿ.ಬಿ. ಗೋಪಾಲಕೃಷ್ಣನ್, ಸುಪ್ರೀಂ ಕೋರ್ಟ್, 1991. ಕುಟುಂಬದ ಖಾಸಗಿ ಕಂಪನಿ; 50 ಷೇರು; ಇಬ್ಬರು ಸಹೋದರರಿಗೆ ತಲಾ 25. ಮಾರುವ ಮೊದಲು ಸ್ವಂತ ಶಾಖೆಯವರಿಗೆ ನೀಡಬೇಕೆಂಬ ಮೌಖಿಕ ಕರಾರು. ತೀರ್ಪು: ಅಂತರ್ನಿಯಮಾವಳಿಯಲ್ಲಿ ಇಲ್ಲದ ನಿರ್ಬಂಧ ಕಂಪನಿಗೂ ಷೇರುದಾರರಿಗೂ ಬಂಧಕವಲ್ಲ.
- ಎಂ.ಎಸ್. ಮಧುಸೂದನನ್ ವಿರುದ್ಧ ಕೇರಳ ಕೌಮುದಿ, ಸುಪ್ರೀಂ ಕೋರ್ಟ್, 2003. ನಿರ್ದಿಷ್ಟ ಷೇರುದಾರರ ನಡುವೆ ನಿರ್ದಿಷ್ಟ ಷೇರುಗಳ ಕರಾರು. ರಂಗರಾಜ್ ತೀರ್ಪಿನಿಂದ ಭಿನ್ನ ಎಂಬ ನಿಲುವು.
- ವೊಡಾಫೋನ್ ಇಂಟರ್‌ನ್ಯಾಷನಲ್ ಹೋಲ್ಡಿಂಗ್ಸ್ ಪ್ರಕರಣ, ಸುಪ್ರೀಂ ಕೋರ್ಟ್, 20 ಜನವರಿ 2012. ತೆರಿಗೆ ಪ್ರಕರಣ, ಸಹಮತದ ಪ್ರತ್ಯೇಕ ತೀರ್ಪಿನಲ್ಲಿ ರಂಗರಾಜ್ ನಿಲುವಿಗೆ ಅಸಮ್ಮತಿ.
- ವರ್ಲ್ಡ್ ಫೋನ್ ಇಂಡಿಯಾ ಪ್ರಕರಣ, ದೆಹಲಿ ಹೈಕೋರ್ಟ್, 2013. ಅಂತರ್ನಿಯಮಾವಳಿಗೆ ಸೇರದ ದೃಢೀಕರಣ ಮತ ಕಂಪನಿಗೆ ಬಂಧಕವಲ್ಲ.
- ಟಾಟಾ ಸನ್ಸ್ – ಸೈರಸ್ ಮಿಸ್ತ್ರಿ ಪ್ರಕರಣ, ಸುಪ್ರೀಂ ಕೋರ್ಟ್, 26 ಮಾರ್ಚ್ 2021. ಅಂತರ್ನಿಯಮ 104ಬಿ: ಟಾಟಾ ಟ್ರಸ್ಟ್‌ಗಳ ಒಟ್ಟು ಪಾಲು 40%ಕ್ಕೆ ಕಡಿಮೆಯಿಲ್ಲದವರೆಗೆ 1/3 ನಿರ್ದೇಶಕರ ನಾಮನಿರ್ದೇಶನ. ಅಂತರ್ನಿಯಮ 121: ಆ ನಿರ್ದೇಶಕರ ದೃಢೀಕರಣ ಮತ. ಅಂತರ್ನಿಯಮಗಳ ವಿರುದ್ಧದ ಆಕ್ಷೇಪ ತಿರಸ್ಕೃತ.
- ಸಂಗ್ರಹಕಾರನಿಗೆ ಫಲಿತಾಂಶ: ಎಂಟನೇ ಅಂಕಣದಲ್ಲಿ 'ಉಲ್ಲೇಖವಿಲ್ಲ' ಎಂದಾಗುವ ಹಕ್ಕಿಗೆ 'ಕರಾರಿನ ಬಲ ಮಾತ್ರ' ಎಂಬ ಗುರುತು. 'ಸಂಘರ್ಷವಿದ್ದರೆ ಒಪ್ಪಂದವೇ ಮೇಲು' ಎಂಬ ಷರತ್ತು ಪಕ್ಷಗಾರರ ನಡುವೆ ಸರಿ. ಕಂಪನಿಯ ವಿರುದ್ಧ ಅದನ್ನಷ್ಟೇ ನಂಬುವುದು ಅಪಾಯಕಾರಿ.
- ಕಲಂ 14: ಅಂತರ್ನಿಯಮ ತಿದ್ದುಪಡಿ – ವಿಶೇಷ ನಿರ್ಣಯ.
- ಕಲಂ 5(3): ವಿಶೇಷ ನಿರ್ಣಯಕ್ಕಿಂತ ಕಠಿಣ ತಿದ್ದುಪಡಿ ವಿಧಾನಕ್ಕೆ ಅವಕಾಶ. ಕಲಂ 5(4): ಖಾಸಗಿ ಕಂಪನಿಯಲ್ಲಿ ನಂತರದ ಅಳವಡಿಕೆಗೆ ಎಲ್ಲ ಸದಸ್ಯರ ಒಪ್ಪಿಗೆ.

ನಿರ್ಗಮನ: ಸಾಮಾನ್ಯ ಶ್ರೇಣಿ

- ಐಪಿಒ, ಮೂರನೇ ಪಕ್ಷಕ್ಕೆ ಮಾರಾಟ, ಕಂಪನಿಯಿಂದ ಬೈಬ್ಯಾಕ್, ಪ್ರವರ್ತಕರ ಮೇಲೆ ಪುಟ್ ಆಪ್ಷನ್, ಕೊನೆಯಲ್ಲಿ ಡ್ರ್ಯಾಗ್-ಅಲಾಂಗ್.
- ಪ್ರತಿ ಮೆಟ್ಟಿಲಿಗೂ ನಮೂದು: ಆರಂಭ ದಿನಾಂಕ, ಹಿಂದಿನ ಮೆಟ್ಟಿಲು ವಿಫಲವಾಗುವುದು ಪೂರ್ವಷರತ್ತೇ, ವೆಚ್ಚ ಯಾರದು.
- ಬಾಧ್ಯತೆಯ ತೂಕ: 'ನಿರ್ಗಮನ ಒದಗಿಸತಕ್ಕದ್ದು' ಮತ್ತು 'ಒದಗಿಸಲು ಯೋಗ್ಯ ಪ್ರಯತ್ನ ಮಾಡತಕ್ಕದ್ದು' – ಎರಡು ಬೇರೆ ಬಾಧ್ಯತೆಗಳು. ಮೊದಲನೆಯದರಲ್ಲಿ ಫಲಿತಾಂಶ ಇಲ್ಲದಿದ್ದರೆ ಉಲ್ಲಂಘನೆ; ಎರಡನೆಯದರಲ್ಲಿ ಪ್ರಯತ್ನ ಇಲ್ಲದಿದ್ದರೆ ಮಾತ್ರ. ಕೋಷ್ಟಕದಲ್ಲಿ ಕ್ರಿಯಾಪದದ ಯಥಾವತ್ ನಕಲು.
- ಡ್ರ್ಯಾಗ್: ಯಾವ ದಿನಾಂಕದ ನಂತರ, ಎಷ್ಟು ಷೇರುಪಾಲಿನವರ ಕೋರಿಕೆಯಿಂದ, ಕನಿಷ್ಠ ಬೆಲೆ ಇದೆಯೇ, ಪ್ರತಿಸ್ಪರ್ಧಿಗೆ ಮಾರಬಹುದೇ.
- ಐಪಿಒ: ವಿಶೇಷ ಹಕ್ಕುಗಳ ಸಮಾಪ್ತಿ ಕರಡು ದಾಖಲೆ ಸಲ್ಲಿಕೆಯ ದಿನವೋ, ಷೇರುಪೇಟೆ ಪ್ರವೇಶದ ದಿನವೋ, ಐಪಿಒ ನಿಂತುಹೋದಲ್ಲಿ ಹಕ್ಕುಗಳು ಮರಳುವ ಅಂತಿಮ ದಿನಾಂಕ.
- ಪಟ್ಟಿಯಾದ ಕಂಪನಿ: ಸೆಬಿಯ ಪಟ್ಟಿ ಬಾಧ್ಯತೆ ನಿಯಮಾವಳಿಯ ನಿಯಮ 31ಬಿ, 2023ರ ಸೇರ್ಪಡೆ, ವಿಶೇಷ ಹಕ್ಕುಗಳಿಗೆ ಪ್ರತಿ 5 ವರ್ಷಕ್ಕೊಮ್ಮೆ ಷೇರುದಾರರ ಅನುಮೋದನೆ.

ಮಾದರಿ ಲೆಕ್ಕ 3: ಬೈಬ್ಯಾಕ್‌ನ ಶಾಸನ ಮಿತಿ

- ಕಲಂ 68: ಗರಿಷ್ಠ ಮೊತ್ತ – ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ 25%, ಮಂಡಳಿ ನಿರ್ಣಯದಿಂದ 10%ವರೆಗೆ ಮಾತ್ರ, ಎರಡು ಬೈಬ್ಯಾಕ್ ಕೊಡುಗೆಗಳ ನಡುವೆ 1 ವರ್ಷ.
- ಈಕ್ವಿಟಿ ಷೇರುಗಳಿಗೆ ಹೆಚ್ಚುವರಿ ಮಿತಿ: ಒಂದು ಹಣಕಾಸು ವರ್ಷದಲ್ಲಿ ಪಾವತಿಯಾದ ಈಕ್ವಿಟಿ ಬಂಡವಾಳದ 25%.
- ಹೊಸ ವಿತರಣೆಗೆ ಮುಂಚಿನ ಊಹಿತ ಕಂಪನಿ. ವಿತರಿತ ಈಕ್ವಿಟಿ 9,20,000 ಷೇರು. ಬಂಡವಾಳ ಮತ್ತು ಮುಕ್ತ ಮೀಸಲು ಒಟ್ಟು ₹40 ಕೋಟಿ.
- 'ಅ' ಬೇಡಿಕೆ: 2,50,000 × ₹1,000 = ₹25 ಕೋಟಿ.
- ಮೊತ್ತದ ಮಿತಿ: ₹10 ಕೋಟಿ. ಸಂಖ್ಯೆಯ ಮಿತಿ: 2,30,000 ಷೇರು. ಎರಡೂ ಬೇಡಿಕೆಗಿಂತ ಕಡಿಮೆ.
- ಕೋಷ್ಟಕದ ಕೆಳಗಿನ ಟಿಪ್ಪಣಿ: 'ಹಕ್ಕು ಇದೆ; ಒಂದೇ ವರ್ಷದಲ್ಲಿ ಪೂರ್ಣ ಈಡೇರಿಕೆ ಅಸಾಧ್ಯ; ಉಳಿದ ₹15 ಕೋಟಿಗೆ ಬಾಧ್ಯಸ್ಥ ಯಾರು ಎಂಬ ಷರತ್ತಿನ ಪರಿಶೀಲನೆ'.

ವಿದೇಶಿ ಹೂಡಿಕೆದಾರ: ಬೆಲೆಯ ನಿಯಮ

- 3 ಅಕ್ಟೋಬರ್ 2013, ಸೆಬಿ ಅಧಿಸೂಚನೆ: ಮೊದಲ ನಿರಾಕರಣೆ, ಟ್ಯಾಗ್, ಡ್ರ್ಯಾಗ್ ಕರಾರುಗಳಿಗೆ ಮಾನ್ಯತೆ, ಪುಟ್ ಮತ್ತು ಕಾಲ್ ಆಪ್ಷನ್‌ಗೆ ಕನಿಷ್ಠ 1 ವರ್ಷದ ಸತತ ಒಡೆತನ.
- 9 ಜನವರಿ 2014, ಆರ್‌ಬಿಐ ಸುತ್ತೋಲೆ: ವಿದೇಶಿ ಹೂಡಿಕೆಯಲ್ಲಿ ಆಪ್ಷನ್ ಷರತ್ತಿಗೆ ಅವಕಾಶ, ಕನಿಷ್ಠ ಲಾಕ್-ಇನ್ 1 ವರ್ಷ, ಖಚಿತ ಪ್ರತಿಫಲದ ಭರವಸೆ ನಿಷಿದ್ಧ.
- 2019ರ ಫೆಮಾ ಸಾಲೇತರ ಸಾಧನಗಳ ನಿಯಮಗಳು: ಅದೇ ತತ್ವದ ಮುಂದುವರಿಕೆ.
- ವಿದೇಶಿಯಿಂದ ಭಾರತೀಯನಿಗೆ ಮಾರಾಟ: ಬೆಲೆ ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚಿರಕೂಡದು. ಭಾರತೀಯನಿಂದ ವಿದೇಶಿಗೆ: ಕಡಿಮೆ ಇರಕೂಡದು.

ಪ್ರಕರಣ ಅಧ್ಯಯನ: ಎನ್‌ಟಿಟಿ ಡೊಕೊಮೊ – ಟಾಟಾ ಸನ್ಸ್

- ಒಪ್ಪಂದದ ದಿನಾಂಕ: 25 ಮಾರ್ಚ್ 2009. ಕಂಪನಿ: ಟಾಟಾ ಟೆಲಿಸರ್ವೀಸಸ್. ಡೊಕೊಮೊ ಪಾಲು: ಸುಮಾರು 26.5%.
- ನಿರ್ಗಮನ ಷರತ್ತು: 5.7.
- ಪ್ರಚೋದಕ ಘಟನೆ: 31 ಮಾರ್ಚ್ 2014ಕ್ಕೆ ನಿಗದಿತ ಕಾರ್ಯಸಾಧನೆಯ ಸೂಚ್ಯಂಕಗಳಲ್ಲಿ ವೈಫಲ್ಯ.
- ಬಾಧ್ಯತೆ: ಡೊಕೊಮೊ ಷೇರುಗಳಿಗೆ ಟಾಟಾ ಸನ್ಸ್ ಖರೀದಿದಾರನನ್ನು ಹುಡುಕಿಕೊಡುವುದು.
- ಬೆಲೆ ಸೂತ್ರ: ನ್ಯಾಯಯುತ ಮೌಲ್ಯ ಅಥವಾ ಖರೀದಿ ಬೆಲೆಯ 50%, ಯಾವುದು ಹೆಚ್ಚೋ ಅದು.
- ಸೂತ್ರದ ಫಲ: ಷೇರಿಗೆ ₹58.045. ಮೌಲ್ಯಮಾಪನದ ನ್ಯಾಯಯುತ ಬೆಲೆ: ₹23.34. ಅಂತರ: ₹34.705.
- ತೊಡಕು: ಭಾರತೀಯ ಖರೀದಿದಾರ ₹23.34ಕ್ಕಿಂತ ಹೆಚ್ಚು ಕೊಡುವುದಕ್ಕೆ ವಿದೇಶಿ ವಿನಿಮಯ ನಿಯಮದ ಅಡ್ಡಿ.
- ಲಂಡನ್ ಮಧ್ಯಸ್ಥಿಕೆ ನ್ಯಾಯಮಂಡಳಿ: 22 ಜೂನ್ 2016, ಡೊಕೊಮೊ ಪರ ಸುಮಾರು 117 ಕೋಟಿ ಅಮೆರಿಕನ್ ಡಾಲರ್.
- ತರ್ಕ: ಬಾಧ್ಯತೆ 'ಖರೀದಿಸು' ಎಂಬುದಲ್ಲ, 'ಖರೀದಿದಾರನನ್ನು ಹುಡುಕು' ಎಂಬುದು. ವಿದೇಶಿ ಖರೀದಿದಾರನ ಮೂಲಕ ಆ ಬೆಲೆಗೆ ಈಡೇರಿಕೆ ಸಾಧ್ಯವಿತ್ತು. ಆದ್ದರಿಂದ ಪಾವತಿ ಷೇರಿನ ಬೆಲೆಯಲ್ಲ, ಕರಾರು ಉಲ್ಲಂಘನೆಯ ನಷ್ಟಪರಿಹಾರ.
- ದೆಹಲಿ ಹೈಕೋರ್ಟ್: 28 ಏಪ್ರಿಲ್ 2017, ಆರ್‌ಬಿಐ ಮಧ್ಯಪ್ರವೇಶ ಅರ್ಜಿ ತಿರಸ್ಕೃತ, ಮಧ್ಯಸ್ಥಿಕೆ ತೀರ್ಪಿನ ಜಾರಿಗೆ ದಾರಿ ಮುಕ್ತ.

ಡೊಕೊಮೊ ಷರತ್ತು: ಎಂಟು ಅಂಕಣಗಳಲ್ಲಿ

- ಹಕ್ಕುದಾರ: ಡೊಕೊಮೊ.
- ಬಾಧ್ಯಸ್ಥ: ಟಾಟಾ ಸನ್ಸ್. ಕಂಪನಿ ಅಲ್ಲ, ಹೀಗಾಗಿ ಬೈಬ್ಯಾಕ್ ಮಿತಿ ಅಪ್ರಸ್ತುತ.
- ಪ್ರಚೋದಕ: ಕಾರ್ಯಸಾಧನೆ ವೈಫಲ್ಯ.
- ಕಾಲಮಿತಿ: ಸೂಚ್ಯಂಕಗಳಿಗೆ 31 ಮಾರ್ಚ್ 2014, ಮಾರಾಟ ನೋಟಿಸಿನ ನಂತರದ ಗಡುವು ಪ್ರತ್ಯೇಕ ನಮೂದು.
- ಬೆಲೆ: ಎರಡರಲ್ಲಿ ಹೆಚ್ಚಿನದು, ಕನಿಷ್ಠ ಭರವಸೆ ಖರೀದಿ ಬೆಲೆಯ ಅರ್ಧ.
- ವಿನಾಯಿತಿ: ಸರ್ಕಾರಿ ಅನುಮತಿ ಸಿಗದಿದ್ದರೆ ಬಾಧ್ಯತೆ ಉಳಿಯುವುದೇ ಎಂಬುದರ ಹುಡುಕಾಟ. ಪ್ರಕರಣದ ವಿವಾದದ ಮುಖ್ಯ ಭಾಗ ಈ ಅಂಕಣಕ್ಕೆ ಸೇರಿದ್ದು.
- ಕಳಚುವ ಮಿತಿ ಮತ್ತು ಅಂತರ್ನಿಯಮ ಸಂಖ್ಯೆ: ಮೂಲ ದಾಖಲೆಗಳಿಂದ ನೇರ ನಮೂದು.
- ತಪ್ಪು ಸಾರಾಂಶ: 'ಡೊಕೊಮೊಗೆ 50% ಬೆಲೆಗೆ ಪುಟ್ ಆಪ್ಷನ್'.
- ಸರಿ ಸಾರಾಂಶ: 'ನ್ಯಾಯಯುತ ಮೌಲ್ಯ ಅಥವಾ ಖರೀದಿ ಬೆಲೆಯ 50%, ಹೆಚ್ಚಿನದಕ್ಕೆ ಖರೀದಿದಾರನನ್ನು ಹುಡುಕಿಕೊಡುವ ಟಾಟಾ ಸನ್ಸ್ ಬಾಧ್ಯತೆ'.